ಸಮಾಜಕ್ಕೂ ವಿಜ್ಞಾನಕ್ಕೂ ನಡುವೆ ಬಂದ ಯುಗಾದಿ

2025ರ ಎಸ್ಸೆಸ್ಸೆಲ್ಸಿ ವೇಳಾಪಟ್ಟಿ ಹೀಗಿತ್ತು. ಮಾರ್ಚ್ 21ಕ್ಕೆ ಪ್ರಥಮ ಭಾಷೆ, 24ಕ್ಕೆ ಗಣಿತ, 26ಕ್ಕೆ ದ್ವಿತೀಯ ಭಾಷೆ, 29ರ ಶನಿವಾರ ಸಮಾಜ ವಿಜ್ಞಾನ. ಮರುದಿನ ಭಾನುವಾರ ಯುಗಾದಿ, ಅದರ ಮರುದಿನ ರಂಜಾನ್ ಹಬ್ಬ. ಬುಧವಾರ ಏಪ್ರಿಲ್ 2ಕ್ಕೆ ವಿಜ್ಞಾನ, ಶುಕ್ರವಾರ ತೃತೀಯ ಭಾಷೆ. ಎರಡು ಹಬ್ಬಗಳೂ ಪರೀಕ್ಷೆಯ ಒಳಗೇ ಬಂದುಬಿಟ್ಟಿದ್ದವು. ಹತ್ತನೇ ತರಗತಿಯ ಮಗುವಿದ್ದ ಮನೆಗಳಲ್ಲಿ ಆ ಭಾನುವಾರ ಒಂದು ಕೋಣೆಯಲ್ಲಿ ಬೆಳಕಿನ ಪ್ರತಿಫಲನ, ಇನ್ನೊಂದು ಕೋಣೆಯಲ್ಲಿ ಹೂರಣ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಆ ವರ್ಷ ನನ್ನ ಅಕ್ಕನ ಮಗಳೂ ಪರೀಕ್ಷೆ ಬರೆಯುತ್ತಿದ್ದಳು, ನನ್ನ ತರಗತಿಯ ಮಕ್ಕಳೂ ಬರೆಯುತ್ತಿದ್ದರು. ಹಾಗಾಗಿ ಹಬ್ಬದ ದಿನ ಪರೀಕ್ಷೆಯ ಮಗುವಿಗೆ ಏನು ಹೇಳಬೇಕು, ಏನು ಬಿಡಬೇಕು ಎಂಬುದನ್ನು ಚಿಕ್ಕಮ್ಮನಾಗಿಯೂ ಟೀಚರ್ ಆಗಿಯೂ ಯೋಚಿಸಬೇಕಾಯಿತು. ಸಂಕ್ರಾಂತಿಯ ಹೊತ್ತಿಗಾದರೆ ಪರೀಕ್ಷೆ ಎರಡು ತಿಂಗಳಷ್ಟು ದೂರ ಇರುತ್ತದೆ, ಆಡಿದ ಮಾತು ಸ್ವಲ್ಪ ಹೆಚ್ಚುಕಮ್ಮಿಯಾದರೂ ಮಗು ಮರೆತು ಓದಿಕೊಳ್ಳುತ್ತದೆ. ಯುಗಾದಿಯ ಮಾತು ಹಾಗಲ್ಲ. ಅದು ಎರಡು ಪತ್ರಿಕೆಗಳ ನಡುವಿನ ಸಂದಿಯಲ್ಲಿ ಬಂದು ಕೂರುತ್ತದೆ, ಮೂರನೆಯ ದಿನ ಪರೀಕ್ಷಾ ಕೊಠಡಿಯೊಳಗೂ ಜೊತೆಗೆ ಹೋಗುತ್ತದೆ.

ಅಕ್ಕನ ಮಗಳಿಗೆ ಸ್ವಂತ ಮೊಬೈಲ್ ಇರಲಿಲ್ಲ. ಬಂದ ಶುಭಾಶಯಗಳೆಲ್ಲ ಅಕ್ಕನ ಫೋನಿಗೆ ಬರುತ್ತಿದ್ದವು, ಅಕ್ಕ ಅಡುಗೆಮನೆಯಿಂದಲೇ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಬೆಳಿಗ್ಗೆಯಿಂದ ಬಂದಿದ್ದವುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಎಲ್ಲವನ್ನೂ ಸೇರಿಸಿ ಒಂದು ಮಾಡಿದರೆ ಹೀಗಾಗುತ್ತದೆ:

"ಯುಗಾದಿ ಹಬ್ಬದ ಹಾರ್ದಿಕ ಶುಭಾಶಯಗಳು ಪುಟ್ಟಿ. ಬೇವು ಬೆಲ್ಲದ ಹಾಗೆ ಈಗ ಕಷ್ಟಪಟ್ಟರೆ ಮುಂದೆ ಸುಖ. ನಿನ್ನ ಮೇಲೆ ನಮಗೆಲ್ಲ ತುಂಬಾ ನಂಬಿಕೆ ಇದೆ, ನೀನು ಜಾಣೆ, ಮನೆತನದ ಹೆಸರು ಉಳಿಸ್ತೀಯ. ಸಮಾಜ ಹೇಗಾಯ್ತು? ವಿಜ್ಞಾನ ಚೆನ್ನಾಗಿ ಓದು, ಆದ್ರೆ ಟೆನ್ಷನ್ ಮಾತ್ರ ಮಾಡ್ಕೋಬೇಡ. ಅಜ್ಜಿ ದಿನಾ ನಿನಗೋಸ್ಕರ ದೀಪ ಹಚ್ತಿದ್ದಾರೆ."

ಇದರಲ್ಲಿ ಪ್ರೀತಿಯಿಲ್ಲದ ವಾಕ್ಯ ಒಂದೂ ಇಲ್ಲ. ಬರೆದವರೆಲ್ಲ ಆ ಹುಡುಗಿಯನ್ನು ಎತ್ತಿ ಆಡಿಸಿದವರೇ. ಆದರೂ ಇದನ್ನು ಹದಿನೈದು ವರ್ಷದ ಹುಡುಗಿಯ ಕಿವಿಯಿಂದ ಕೇಳಿಸಿಕೊಂಡರೆ ಬೇರೆಯದೇ ಆಗಿ ಕೇಳಿಸುತ್ತದೆ.

"ಸಮಾಜ ಹೇಗಾಯ್ತು?" ಎಂಬುದನ್ನೇ ಮೊದಲು ನೋಡೋಣ. ಆ ಪತ್ರಿಕೆ ಮುಗಿದಿದೆ, ಉತ್ತರಪತ್ರಿಕೆಗಳ ಬಂಡಲ್ ಕಟ್ಟಿ ಹೋಗಿಯೂ ಆಗಿದೆ. ಅವಳು ಕೊಡುವ ಯಾವ ಉತ್ತರದಿಂದಲೂ ಅದರಲ್ಲಿ ಒಂದು ಅಂಕ ಹೆಚ್ಚುವುದಿಲ್ಲ. ಉತ್ತರ ಹೇಳಬೇಕೆಂದರೆ ಮಾತ್ರ ಅವಳು ವಿಜ್ಞಾನವನ್ನು ಪಕ್ಕಕ್ಕಿಟ್ಟು ಶನಿವಾರಕ್ಕೆ ವಾಪಸು ಹೋಗಬೇಕು, ಬಿಟ್ಟ ಭೂಪಟದ ಪ್ರಶ್ನೆಯನ್ನು ಮತ್ತೆ ನೆನೆಯಬೇಕು, ಮಾವನಿಗೆ ಬೇಸರವಾಗದ ಹಾಗೆ "ಚೆನ್ನಾಗಾಯ್ತು" ಅನ್ನಬೇಕು. ಹಬ್ಬದ ದಿನ ಹತ್ತು ಜನ ಕೇಳಿದರೆ ಹತ್ತು ಸಲ. ಪರೀಕ್ಷೆಯ ನಡುವೆ ಬರೆಯುವ ಶುಭಾಶಯದಲ್ಲಿ ಪ್ರಶ್ನಾರ್ಥಕ ಚಿಹ್ನೆಯೇ ಇರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

"ನೀನು ಜಾಣೆ" ಎನ್ನುವುದು ಮೇಲ್ನೋಟಕ್ಕೆ ನಿರಪಾಯಕಾರಿ. ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಮಾತಿನ ಬಗ್ಗೆಯೇ ಇದ್ದವು. ಐದನೇ ತರಗತಿಯ ವಯಸ್ಸಿನ ಮಕ್ಕಳಿಗೆ ಕೆಲವು ಒಗಟಿನಂಥ ಲೆಕ್ಕಗಳನ್ನು ಕೊಟ್ಟು, ಬಿಡಿಸಿದ ಮೇಲೆ ಕೆಲವರಿಗೆ ನೀವು ಬುದ್ಧಿವಂತರು ಎಂದರು, ಕೆಲವರಿಗೆ ಚೆನ್ನಾಗಿ ಶ್ರಮಪಟ್ಟಿರಿ ಎಂದರು. ಆಮೇಲೆ ಬೇಕೆಂದೇ ಕಷ್ಟದ ಲೆಕ್ಕಗಳನ್ನು ಕೊಟ್ಟರು. ಅಲ್ಲಿ ಎಡವಿದ ಮೇಲೆ, ಬುದ್ಧಿವಂತರು ಎನ್ನಿಸಿಕೊಂಡ ಮಕ್ಕಳೇ ಬೇಗ ಕೈಬಿಟ್ಟರು. ಮತ್ತೆ ಸುಲಭದವನ್ನು ಕೊಟ್ಟಾಗಲೂ ಮೊದಲಿಗಿಂತ ಕಡಿಮೆ ಮಾಡಿದರು. ತರಗತಿಯಲ್ಲಿ ನಿಂತು ನೋಡಿದವರಿಗೆ ಇದು ಆಶ್ಚರ್ಯವಲ್ಲ. ಜಾಣೆ ಎಂಬ ಪಟ್ಟ ಕಟ್ಟಿಸಿಕೊಂಡ ಹುಡುಗಿಗೆ ಗೊತ್ತಿಲ್ಲದ ಪ್ರಶ್ನೆ ಬಂದರೆ ಅದು ಬರೀ ಎರಡು ಅಂಕದ ಪ್ರಶ್ನೆಯಾಗಿ ಉಳಿಯುವುದಿಲ್ಲ, ತಾನು ನಿಜಕ್ಕೂ ಜಾಣೆ ಹೌದೋ ಅಲ್ಲವೋ ಎಂಬ ಪ್ರಶ್ನೆಯಾಗುತ್ತದೆ.

"ನಂಬಿಕೆ ಇದೆ", "ಹೆಸರು ಉಳಿಸ್ತೀಯ", "ಅಜ್ಜಿ ದೀಪ ಹಚ್ತಿದ್ದಾರೆ". ಈ ಮೂರೂ ಒಂದೇ ಜಾತಿಯವು. ಅಜ್ಜಿ ದೀಪ ಹಚ್ಚಲಿ, ಅದು ಅಜ್ಜಿಯ ಪ್ರೀತಿ. ಹಚ್ಚುತ್ತಿದ್ದಾರೆ ಎಂದು ಮಗುವಿಗೆ ತಿಳಿಸಿದ ಕ್ಷಣದಿಂದ ಅದು ತೀರಿಸಬೇಕಾದ ಸಾಲವಾಗುತ್ತದೆ. ಕಡಿಮೆ ಅಂಕ ಬಂದರೆ ತನಗಷ್ಟೇ ಬೇಸರವಲ್ಲ, ಅಜ್ಜಿಯ ದೀಪವೂ ವ್ಯರ್ಥವಾಯಿತು ಎಂದು ಮಗು ಅಂದುಕೊಳ್ಳುತ್ತದೆ. ಸೂಕ್ಷ್ಮ ಸ್ವಭಾವದ ಮಕ್ಕಳಿಗೆ ಅಪ್ಪನ ಗದರಿಕೆಗಿಂತ ಅಜ್ಜಿಯ ದೀಪವೇ ಹೆಚ್ಚು ಭಾರವಾಗುವುದನ್ನು ನಾನು ನೋಡಿದ್ದೇನೆ.

ಇನ್ನು "ಟೆನ್ಷನ್ ಮಾಡ್ಕೋಬೇಡ". ಓದುತ್ತಾ ಕೂತ ಮಗು ಆ ಗಳಿಗೆಯಲ್ಲಿ ಟೆನ್ಷನ್ ಮಾಡಿಕೊಂಡಿರದೆಯೂ ಇರಬಹುದು. ಈ ಮಾತು ಕೇಳಿದ ಮೇಲೆ, ಟೆನ್ಷನ್ ಆಗುವಂಥದ್ದು ಏನೋ ಇದೆ ಎಂದು ಅದಕ್ಕೆ ನೆನಪಾಗುತ್ತದೆ. ಈಗಾಗಲೇ ಟೆನ್ಷನ್ ಆಗಿದ್ದರಂತೂ, ಆಗಬಾರದ್ದು ಆಗುತ್ತಿದೆ ಎಂಬ ಎರಡನೆಯ ಚಿಂತೆ ಸೇರಿಕೊಳ್ಳುತ್ತದೆ.

ಚಿಂತೆ ಪರೀಕ್ಷೆಯಲ್ಲಿ ಎಲ್ಲಿ ಕೈಕೊಡುತ್ತದೆ ಎಂಬುದನ್ನು ವಿಜ್ಞಾನದ ಪತ್ರಿಕೆಯಿಂದಲೇ ಹೇಳುತ್ತೇನೆ, ಏಕೆಂದರೆ ಭಾರ ಹೊರಿಸಬೇಡಿ ಎಂದರೆ ಎಷ್ಟೋ ಜನ ಅದನ್ನು ಬರೀ ಮೆದುಮನಸ್ಸಿನ ಮಾತು ಅಂದುಕೊಳ್ಳುತ್ತಾರೆ. ವಿದ್ಯುಚ್ಛಕ್ತಿ ಪಾಠದಿಂದ ಒಂದು ಲೆಕ್ಕ ತೆಗೆದುಕೊಳ್ಳಿ. 6 ಓಮ್ ಮತ್ತು 3 ಓಮ್‌ನ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಎಷ್ಟು? ಆರರಲ್ಲಿ ಒಂದು ಭಾಗ, ಮೂರರಲ್ಲಿ ಒಂದು ಭಾಗ, ಕೂಡಿದರೆ ಅರ್ಧ. ಅದು ಒಟ್ಟು ರೋಧದ ವಿಲೋಮ. ಅದನ್ನು ತಿರುಗಿಸಿದರೆ 2 ಓಮ್, ಅದೇ ಉತ್ತರ. ಇದು ಬಾರದ ಮಕ್ಕಳು ಸೂತ್ರವನ್ನೇ ತಪ್ಪು ಬರೆಯುತ್ತಾರೆ. ಚೆನ್ನಾಗಿ ಬರುವ ಮಕ್ಕಳು ತಪ್ಪುವ ಜಾಗವೇ ಬೇರೆ: ಸೂತ್ರ ಸರಿ, ಕೂಡಿದ್ದೂ ಸರಿ, ಆದರೆ ಕೊನೆಗೆ ತಿರುಗಿಸುವುದನ್ನು ಮರೆತು ಅರ್ಧ ಓಮ್ ಎಂದು ಬರೆದು ಮುಂದೆ ಹೋಗಿರುತ್ತಾರೆ. ಒಂದು ಹೆಜ್ಜೆ ಇಡುವಾಗ ಮುಂದಿನ ಹೆಜ್ಜೆಯನ್ನೂ ಮನಸ್ಸಿನಲ್ಲಿ ಹಿಡಿದಿರಬೇಕು, ಹಾಗೆ ಹಿಡಿದಿಡುವ ಜಾಗ ಎಲ್ಲರಿಗೂ ಸ್ವಲ್ಪವೇ. "ಎಲ್ಲರೂ ನನ್ನ ಮೇಲೆ ನಂಬಿಕೆ ಇಟ್ಟಿದ್ದಾರೆ, ಇದು ತಪ್ಪಿದರೆ ಏನು ಗತಿ" ಎಂಬ ಯೋಚನೆ ಕೂರುವುದೂ ಅದೇ ಜಾಗದಲ್ಲಿ. ಹಾಗಾಗಿ ಓದಿದ್ದನ್ನು ಕಸಿಯದೆಯೂ ಚಿಂತೆ ಅಂಕವನ್ನು ಕಸಿಯುತ್ತದೆ. ಉತ್ತರಪತ್ರಿಕೆಯಲ್ಲಿ ಇದು ಕಣ್ಣಿಗೆ ಕಾಣುತ್ತದೆ: ಕಷ್ಟದ ಪ್ರಶ್ನೆ ಸರಿಯಾಗಿರುತ್ತದೆ, ನಡುವಿನ ಸುಲಭದ ಹೆಜ್ಜೆಗಳು ಹಾರಿಹೋಗಿರುತ್ತವೆ.

ಅಂಕದ ಲೆಕ್ಕವನ್ನೂ ಇಲ್ಲಿ ಹೇಳಿಬಿಡಬೇಕು. ವಿಜ್ಞಾನದ 100ರಲ್ಲಿ ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ಯುಗಾದಿಯ ಹೊತ್ತಿಗೆ ಆ 20 ಶಾಲೆಯಲ್ಲಿ ನಿರ್ಧಾರವಾಗಿ ಆಗಿರುತ್ತದೆ. ಉಳಿದ 80ಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರನ್ನೂ ಮೂರು ದಿನದಲ್ಲಿ ಹೊಸದಾಗಿ ಓದಲು ಯಾರಿಗೂ ಸಾಧ್ಯವಿಲ್ಲ. ಓದಿದ್ದನ್ನು ತಿರುವಿ ಹಾಕಬಹುದು, ನಿದ್ದೆ ಮಾಡಬಹುದು, ಊಟ ಮಾಡಬಹುದು. ಅಂದಮೇಲೆ ಹಬ್ಬದ ದಿನ ಹೊರಗಿನವರು "ಚೆನ್ನಾಗಿ ಓದು" ಎಂದು ಹುರಿದುಂಬಿಸುವುದರಿಂದ ಹೆಚ್ಚುವುದು ಬಹಳ ಕಡಿಮೆ, ಕಲಕುವುದು ಬಹಳ.

ಇದನ್ನೆಲ್ಲ ಇಟ್ಟುಕೊಂಡು ನಾನು ಅವಳಿಗೆ ಬರೆದದ್ದು ಇಷ್ಟು:

"ಪುಟ್ಟಿ, ಯುಗಾದಿ ಹಬ್ಬದ ಶುಭಾಶಯ. ಬೆಳಿಗ್ಗೆ ತೋರಣ ಕಟ್ಟುವಾಗ ನೀನು ಒಂದನೇ ಕ್ಲಾಸಲ್ಲಿದ್ದಾಗ ಮಾವಿನೆಲೆ ಎಲ್ಲಾ ತಲೆಕೆಳಗಾಗಿ ಪೋಣಿಸಿದ್ದು, ಅಜ್ಜಿ ಅದನ್ನೇ ದೇವರ ಕೋಣೆ ಬಾಗಿಲಿಗೆ ಕಟ್ಟಿಸಿದ್ದು ನೆನಪಾಯ್ತು. ನಿನ್ನ ಪಾಲಿನ ಒಬ್ಬಟ್ಟು ಅಮ್ಮನ ಕೈಲಿ ಕಳಿಸಿದ್ದೀನಿ, ಕಾಯಿ ಒಬ್ಬಟ್ಟು ಬೇರೆ ಡಬ್ಬಿಲಿದೆ. ಬುಧವಾರ ಒಂದೂಕಾಲಿಗೆ ಸೆಂಟರ್ ಗೇಟ್ ಹತ್ರ ನಾನೇ ಸ್ಕೂಟರ್ ತಗೊಂಡು ಬರ್ತೀನಿ. ಇದಕ್ಕೆ ಉತ್ತರ ಬರೀಬೇಕಂತ ಇಲ್ಲ. ಚಿಕ್ಕಿ."

ನೋಡಲು ಸಾದಾ ಇದೆ. ಪ್ರತಿ ವಾಕ್ಯದ ಹಿಂದೆಯೂ ಒಂದು ಕಾರಣವಿದೆ, ಅದನ್ನು ಬಿಡಿಸಿ ಹೇಳಿದರೆ ಬೇರೆಯವರಿಗೂ ಉಪಯೋಗವಾದೀತು.

ಮಾವಿನೆಲೆಯ ಮಾತು ಬರೆದದ್ದು, ಅವಳು ನಮಗೆ ಯಾರು ಎಂಬುದು ಈ ಪರೀಕ್ಷೆಯಿಂದ ಶುರುವಾದದ್ದಲ್ಲ ಎಂದು ತಿಳಿಯಲಿ ಎಂದು. ಅದನ್ನು ಬಾಯಿಬಿಟ್ಟು ಹೇಳಲು ಹೋದರೆ, "ಅಂಕ ಎಷ್ಟು ಬಂದರೂ ನೀನು ನಮ್ಮ ಮುದ್ದು ಮಗಳೇ" ಎಂದಾಗುತ್ತದೆ. ಆ ಮಾತು ಸುಳ್ಳಲ್ಲ, ಆದರೆ ಅದರೊಳಗೂ ಅಂಕ ಕೂತಿದೆ. ಕಡಿಮೆ ಬರಬಹುದು ಎಂದು ಇವರು ಎಣಿಸಿದ್ದಾರೆ ಎಂದೂ ಮಗುವಿಗೆ ಕೇಳಿಸಬಹುದು. ಹಳೆಯ ನೆನಪೊಂದನ್ನು ಹೇಳಿದರೆ ಅಂಕದ ಹೆಸರೇ ಎತ್ತದೆ ಅದನ್ನು ಹೇಳಿದಂತಾಗುತ್ತದೆ. ನೆನಪು ಮಾತ್ರ ನಿಜವಾದದ್ದಾಗಿರಬೇಕು, ಆ ಮಗುವಿಗೇ ಸೇರಿದ್ದಾಗಿರಬೇಕು. "ಚಿಕ್ಕಂದಿನಿಂದಲೂ ನೀನು ಓದಿನಲ್ಲಿ ಮುಂದು" ಎಂದು ನೆನಪಿಸಿಕೊಂಡರೆ ಮತ್ತೆ ಹಳೆಯ ದಾರಿಗೇ ಬಂದೆವು.

ಬೇವು ಬೆಲ್ಲದ ಉಪಮೆಯನ್ನು ಬೇಕೆಂದೇ ಬಿಟ್ಟೆ. ಆ ದಿನ ಬೆಳಿಗ್ಗೆಯಿಂದ ಅವಳು ಅದನ್ನು ಎಷ್ಟೋ ಸಲ ಕೇಳಿರುತ್ತಾಳೆ. ಅಲ್ಲದೆ ಪರೀಕ್ಷೆ ಬೇವು, ಫಲಿತಾಂಶ ಬೆಲ್ಲ ಎಂದು ಹಂಚಿಬಿಟ್ಟರೆ ಫಲಿತಾಂಶ ಕಹಿಯಾದ ಮಗು ಏನು ಮಾಡಬೇಕು? ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುವುದು ನಮ್ಮ ಪದ್ಧತಿ, ಒಂದಾದ ಮೇಲೆ ಒಂದಲ್ಲ.

ಬುಧವಾರದ ಸ್ಕೂಟರ್ ಮಾತು ಈ ಸಂದೇಶದ ನಿಜವಾದ ತಿರುಳು. ಹಾರೈಕೆಯಲ್ಲಿ ಕೈಲಾಗುವ ಒಂದು ಸಣ್ಣ ಸಹಾಯ ಇರಲಿ, ಅದು ಪರೀಕ್ಷೆಯ ನಂತರದ ಹೊತ್ತಿಗೆ ಸೇರಿದ್ದಾಗಿದ್ದರೆ ಇನ್ನೂ ಒಳ್ಳೆಯದು. ಒಂದೂಕಾಲಿಗೆ ಬಾಗಿಲು ತೆರೆಯುತ್ತದೆ, ಹೊರಗೆ ಗೊತ್ತಿರುವ ಮುಖ ಇರುತ್ತದೆ, ಪತ್ರಿಕೆ ಹೇಗೇ ಇದ್ದಿರಲಿ ಆ ಮುಖ ಇರುತ್ತದೆ. ಮಗುವಿಗೆ ಬುಧವಾರವನ್ನು ನೆನೆದಾಗ ಹತ್ತು ಗಂಟೆಯ ಗೋಡೆಯೊಂದೇ ಕಾಣದೆ, ಅದರ ಆಚೆಗಿನ ಮಧ್ಯಾಹ್ನವೂ ಕಾಣಬೇಕು. "ಏನು ಬೇಕಾದ್ರೂ ಕೇಳು" ಎಂದು ಬರೆದರೆ ಇದು ಆಗುವುದಿಲ್ಲ. ಏನು ಕೇಳಬೇಕೆಂದು ಯೋಚಿಸುವ ಕೆಲಸವೂ ಅವಳ ತಲೆಗೇ ಹೋಗುತ್ತದೆ. ಇಂತಿಂಥ ದಿನ, ಇಂತಿಷ್ಟು ಹೊತ್ತಿಗೆ, ಇಂತಿಂಥದ್ದು ಮಾಡುತ್ತೇನೆ ಎಂದರೆ ಅವಳು ಸುಮ್ಮನೆ ಹೂಂ ಎಂದರೆ ಸಾಕು. ದೂರದ ಊರಿನಲ್ಲಿ ಇರುವವರು ಶುಕ್ರವಾರ ಸಂಜೆ ಫೋನ್ ಮಾಡುತ್ತೇನೆ, ಇಬ್ಬರೂ ಕೂತು ಬೇಸಿಗೆ ರಜೆಗೆ ನೀನು ಯಾವಾಗ ಬರುವುದೆಂದು ನೋಡೋಣ ಎನ್ನಬಹುದು. ಬಹುಮಾನದ ಮಾತು ಮಾತ್ರ ಬೇಡ. ಡಿಸ್ಟಿಂಕ್ಷನ್ ಬಂದರೆ ಸೈಕಲ್ ಎಂದರೆ ಸೈಕಲ್ಲೂ ಪರೀಕ್ಷೆಯ ಒಂದು ಭಾಗವಾಗುತ್ತದೆ. ಕೊಡುವ ಮನಸ್ಸಿದ್ದರೆ ಪರೀಕ್ಷೆ ಮುಗಿದದ್ದಕ್ಕೆ ಕೊಡಿ, ಫಲಿತಾಂಶ ಬರುವ ಮುಂಚೆಯೇ.

ಉತ್ತರ ಬರೆಯಬೇಕಿಲ್ಲ ಎಂಬ ಕೊನೆಯ ಮಾತು ಮಕ್ಕಳಿಗೆ ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಹಿತ. ದೊಡ್ಡವರ ಸಂದೇಶಕ್ಕೆ ಉತ್ತರ ಕೊಡದಿದ್ದರೆ ಸೊಕ್ಕು ಎನ್ನಿಸಿಕೊಳ್ಳುವ ಭಯ ನಮ್ಮ ಮನೆಗಳ ಮಕ್ಕಳಿಗೆ ಇದ್ದೇ ಇದೆ.

ಸಂದೇಶವನ್ನು ನಾನು ಕುಟುಂಬದ ಗುಂಪಿಗೆ ಹಾಕಲಿಲ್ಲ. ಗುಂಪಿನಲ್ಲಿ ಒಬ್ಬರು ಹಾರೈಸಿದರೆ ಉಳಿದವರೂ ಹಾರೈಸಬೇಕಾಗುತ್ತದೆ, ಹಿಂದಿನ ವರ್ಷ ಒಳ್ಳೆಯ ಅಂಕ ತೆಗೆದ ಅಣ್ಣನ ಹೆಸರು ಎಲ್ಲಿಂದಲೋ ಬರುತ್ತದೆ, ಅಷ್ಟೂ ಜನರ ಮುಂದೆ ಅವಳು ಕೈಮುಗಿದ ಚಿತ್ರವೊಂದನ್ನು ಹಾಕಬೇಕಾಗುತ್ತದೆ. ಅಕ್ಕನ ಫೋನಿಗೇ ಕಳಿಸಿದೆ, ಮಧ್ಯಾಹ್ನದ ಊಟದ ಹೊತ್ತಿಗೆ. ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿ ಓದಲು ಕೂರುವ ಗಳಿಗೆಯೂ ಬೇಡ, ರಾತ್ರಿ ಮಲಗುವ ಮುಂಚೆಯೂ ಬೇಡ. ಅಕ್ಕ ಗಟ್ಟಿಯಾಗಿ ಓದುತ್ತಾಳೆಂದು ಗೊತ್ತಿತ್ತು, ಹಾಗಾಗಿ ಯಾರ ಎದುರು ಓದಿದರೂ ಅವಳಿಗೆ ಮುಜುಗರವಾಗದಂತೆ ಬರೆದಿದ್ದೆ.

ಅಕ್ಕನಿಗೆ ಬೇರೆಯದೇ ಒಂದು ಮಾತಿತ್ತು, ಅದನ್ನು ಫೋನಿನಲ್ಲಿ ಹೇಳಿದೆ. ಸಂಜೆ ಪಂಚಾಂಗ ಶ್ರವಣಕ್ಕೆ ಮನೆಯಲ್ಲಿ ಎಲ್ಲರೂ ಕೂರುವ ಪದ್ಧತಿ. ವಿಶ್ವಾವಸು ಸಂವತ್ಸರದ ಫಲದಲ್ಲಿ ಯಾವ ರಾಶಿಗೆ ಆದಾಯ ಎಷ್ಟು, ವ್ಯಯ ಎಷ್ಟು ಎಂದು ಓದುತ್ತಾ ಹೋಗುತ್ತಾರೆ. ಯಾರಾದರೂ ಅವಳ ರಾಶಿಗೆ ಬಂದಾಗ "ವಿದ್ಯೆಯಲ್ಲಿ ಅಡೆತಡೆ" ಎಂದು ಓದಿದರೆ ಮೂರು ದಿನದ ಮಟ್ಟಿಗೆ ಆ ಮಾತು ಅವಳ ಜೊತೆಗೇ ಇರುತ್ತದೆ. ಒಳ್ಳೆಯ ಫಲ ಬಂದರೂ ಕಷ್ಟವೇ, ಗ್ರಹಗಳೂ ಅವಳಿಂದ ಏನನ್ನೋ ಕಾಯತೊಡಗುತ್ತವೆ. "ಅಕ್ಕ, ಈ ಸಲ ಅವಳ ರಾಶಿ ಓದುವಾಗ ಅವಳು ಒಳಗೆ ಇರಲಿ" ಎಂದೆ. ಅಕ್ಕ ಒಪ್ಪಿದಳು. ಭಾವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ರಾಶಿಫಲವನ್ನೇ ಬಿಟ್ಟು ಮಳೆ ಬೆಳೆಯದಷ್ಟೇ ಓದಿದರಂತೆ.

ಬುಧವಾರ ಗೇಟಿನ ಹತ್ತಿರ ನಿಂತಾಗ, ಹೊರಬರುತ್ತಿದ್ದ ಮಕ್ಕಳನ್ನು ಅಪ್ಪ ಅಮ್ಮಂದಿರು ಪ್ರಶ್ನೆಪತ್ರಿಕೆ ಕಸಿದುಕೊಂಡು ಅಲ್ಲೇ ವಿಚಾರಿಸುತ್ತಿದ್ದರು. ನಾನು ನೀರಿನ ಬಾಟಲಿ ಕೊಟ್ಟೆ. ವಿಜ್ಞಾನದ ಟೀಚರ್ ಆಗಿ ಪತ್ರಿಕೆ ನೋಡಬೇಕೆಂಬ ಆಸೆ ನನಗೂ ಬಲವಾಗಿಯೇ ಇತ್ತು, ಆದರೆ ಅವಳಿಗೆ ಶುಕ್ರವಾರ ಇನ್ನೊಂದು ಪತ್ರಿಕೆ ಉಳಿದಿತ್ತು. ಅವಳಾಗಿ ತೋರಿಸಿದರೆ ನೋಡುವುದು, ಇಲ್ಲದಿದ್ದರೆ ಬಿಡುವುದು. ಅವಳು ಆ ದಿನ ತೋರಿಸಲಿಲ್ಲ.

ಇನ್ನೊಂದು ಶುಭಾಶಯ ಇದಕ್ಕಿಂತ ಕಷ್ಟದ್ದಾಗಿತ್ತು. ನನ್ನ ತರಗತಿಯ ಹುಡುಗನೊಬ್ಬನಿಗೆ ಸೋಮವಾರ ಹಬ್ಬ. ಆ ವರ್ಷ ರಂಜಾನ್ ತಿಂಗಳು ಮಾರ್ಚ್ 2ಕ್ಕೆ ಶುರುವಾಗಿತ್ತು, ಹಾಗಾಗಿ ಮೊದಲ ನಾಲ್ಕು ಪತ್ರಿಕೆಗಳನ್ನೂ ಅವನು ರೋಜಾ ಇಟ್ಟುಕೊಂಡೇ ಬರೆದಿದ್ದ. ಗಣಿತ ಕೈಕೊಟ್ಟಿದೆ ಎಂಬುದು ಅವನಿಗೂ ಗೊತ್ತಿತ್ತು, ಅವನ ಮುಖ ನೋಡಿದ ನನಗೂ ಗೊತ್ತಿತ್ತು. ಇಂಥ ಮಗುವಿಗೆ "ಆಲ್ ದಿ ಬೆಸ್ಟ್, ಚೆನ್ನಾಗಿ ಮಾಡ್ತೀಯ" ಎಂದು ಕಳಿಸಿದರೆ, ಆಗಿರುವುದು ಟೀಚರಿಗೆ ಕಾಣಲೇ ಇಲ್ಲ ಎಂದಾಗುತ್ತದೆ. "ಉಪವಾಸ ಇದ್ದು ಬರೆದಿದ್ದೀಯ, ದೇವರು ಫಲ ಕೊಟ್ಟೇ ಕೊಡ್ತಾನೆ" ಎನ್ನುವುದು ಇನ್ನೂ ತಪ್ಪು, ಅಂಕ ಬರದಿದ್ದರೆ ಅವನ ರೋಜಾಕ್ಕೂ ಕಳಂಕ ಹಚ್ಚಿದ ಹಾಗೆ.

ಗಣಿತಕ್ಕೆ ಇನ್ನೊಂದು ಅವಕಾಶ ಇದೆ ಎಂಬುದು ನಿಜವಾದ ಸಮಾಧಾನವಾಗಿತ್ತು. 2024ರಲ್ಲೂ 2025ರಲ್ಲೂ ಪರೀಕ್ಷೆ 1, ಪರೀಕ್ಷೆ 2, ಪರೀಕ್ಷೆ 3 ಎಂದು ವರ್ಷಕ್ಕೆ ಮೂರು ನಡೆದವು, ಬರೆದವುಗಳಲ್ಲಿ ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದಿತ್ತು. ಹಿಂದಿನ ಪೂರಕ ಪರೀಕ್ಷೆಯಂತೆ ನಪಾಸಾದವರಿಗಷ್ಟೇ ಮೀಸಲಾದದ್ದಾಗಿರಲಿಲ್ಲ ಇದು, ಅಂಕ ಹೆಚ್ಚಿಸಿಕೊಳ್ಳಬೇಕೆನ್ನುವವರೂ ಬರೆಯುತ್ತಿದ್ದರು. ಆದರೂ ಇದನ್ನು ಹಬ್ಬದ ಸಂದೇಶದಲ್ಲಿ ನಾನೇ ಎತ್ತಿ ಹೇಳಿದರೆ, ಮೇಡಂ ನನ್ನ ಕೈಬಿಟ್ಟಾಯಿತು ಎಂದು ಅವನಿಗೆ ಅನ್ನಿಸಬಹುದಿತ್ತು. ಹಾಗಾಗಿ ನನ್ನ ಸಂದೇಶ ಎರಡೇ ಸಾಲಿನದಾಯಿತು: "ಈದ್ ಮುಬಾರಕ್. ಅಮ್ಮನಿಗೂ ನನ್ನ ಶುಭಾಶಯ ಹೇಳಪ್ಪ, ಇವತ್ತು ಸಂಜೆ ಏಳರ ಮೇಲೆ ನನ್ನ ಫೋನ್ ಕೈಲೇ ಇರುತ್ತೆ." ಟೀಚರ್ ಕಳಿಸುವ ಹಬ್ಬದ ಶುಭಾಶಯದಲ್ಲಿ ಅವರು ಕಲಿಸುವ ವಿಷಯದ ಹೆಸರು ಇರದಿದ್ದರೆ ಅದೇ ಮಗುವಿಗೆ ದೊಡ್ಡ ಬಿಡುವು.

ಏಳೂವರೆಗೆ ಫೋನ್ ಬಂತು. ನಿಮ್ನ ದರ್ಪಣದ ಎದುರು ವಸ್ತುವನ್ನು ಸಂಗಮಕ್ಕೂ ವಕ್ರತಾ ಕೇಂದ್ರಕ್ಕೂ ನಡುವೆ ಇಟ್ಟರೆ ಬಿಂಬ ಎಲ್ಲಿ ಬರುತ್ತದೆ ಎಂದು ಕೇಳಿದ. ವಕ್ರತಾ ಕೇಂದ್ರದ ಆಚೆ, ತಲೆಕೆಳಗಾಗಿ, ವಸ್ತುವಿಗಿಂತ ದೊಡ್ಡದಾಗಿ ಎಂದು ಹೇಳಿ, ಎರಡು ಕಿರಣಗಳನ್ನು ಹೇಗೆ ಎಳೆಯುವುದೆಂದು ಫೋನಿನಲ್ಲೇ ಬರೆಸಿದೆ. ಅದಾದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂ, ಗಣಿತ ಹೋಯ್ತು ಅನ್ಸುತ್ತೆ" ಎಂದ.

ಮೂರು ಪರೀಕ್ಷೆಯ ಮಾತು ಹೇಳುವ ಹೊತ್ತು ಅದು. ಅವನೇ ಬಾಗಿಲು ತೆಗೆದಿದ್ದ. "ಹೋಗಿದ್ರೆ ಮುಂದಿನ ಪರೀಕ್ಷೇಲಿ ಅದೊಂದನ್ನೇ ಬರಿಯೋಣ, ಗಣಿತದ ಸರ್ ಹತ್ರ ನಾನು ಮಾತಾಡ್ತೀನಿ. ಬುಧವಾರದ್ದನ್ನೂ ಶುಕ್ರವಾರದ್ದನ್ನೂ ಹೋಗಿ ಬರೆದು ಬಾ, ಅವೆರಡು ಮುಗಿದ್ರೆ ಆಮೇಲೆ ಬರೀ ಗಣಿತಕ್ಕೇ ಟೈಮ್ ಕೊಡಬಹುದು" ಎಂದೆ. ಅಂಕ ಎಷ್ಟು ಬರಬಹುದೆಂದು ಲೆಕ್ಕ ಹಾಕಲು ಹೋಗಲಿಲ್ಲ. ಒಂದು ಪತ್ರಿಕೆ ಹೋಯಿತೆಂದು ಉಳಿದವನ್ನೂ ಬರೆಯದೆ ಬಿಡುವ ಮಕ್ಕಳಿರುತ್ತಾರೆ, ನನಗಿದ್ದ ನಿಜವಾದ ಭಯ ಅದು. ಅವನು ಎರಡನ್ನೂ ಬರೆದ.

ಕೆಲವು ಮಕ್ಕಳ ವಿಷಯದಲ್ಲಿ ಶುಭಾಶಯ ಎಷ್ಟು ಜೋಕೆಯಿಂದ ಬರೆದರೂ ಸಾಲುವುದಿಲ್ಲ. ಹಬ್ಬದ ದಿನ ಮನೆಗೆ ಹೋದವರಿಗೆ ಅದು ತಿಳಿಯುವ ಸಾಧ್ಯತೆ ಹೆಚ್ಚು, ದಿನಾ ನೋಡುವವರ ಕಣ್ಣಿಗೆ ನಿಧಾನದ ಬದಲಾವಣೆ ಕಾಣುವುದಿಲ್ಲ. ಇಷ್ಟದ ತಿಂಡಿಯನ್ನೂ ಮುಟ್ಟದಿರುವುದು, ರಾತ್ರಿಗಳ ಮೇಲೆ ರಾತ್ರಿ ನಿದ್ದೆಯಿಲ್ಲದಿರುವುದು, ಪುಸ್ತಕ ತೆರೆದರೆ ಹೊಟ್ಟೆನೋವೋ ವಾಂತಿಯೋ ಬರುವುದು, ಇದ್ದಕ್ಕಿದ್ದಂತೆ ತನ್ನ ಪ್ರೀತಿಯ ವಸ್ತುಗಳನ್ನು ಬೇರೆಯವರಿಗೆ ಕೊಡುವುದು, "ನಾನು ಇರದಿದ್ರೇ ಚೆನ್ನಾಗಿತ್ತು" ಎಂಬಂಥ ಮಾತು. ಇದನ್ನು ಪರೀಕ್ಷೆಯ ಸಮಯದ ಮುನಿಸು ಎಂದು ತಳ್ಳಿಹಾಕದೆ, ಅವತ್ತೇ ಮಗುವಿನ ಪಕ್ಕ ಕೂತು ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿ, ಮೆತ್ತಗೆ ಕೇಳಬೇಕು. ಕೇಳಿದರೆ ಆ ಯೋಚನೆಯನ್ನು ನಾವೇ ತುಂಬಿದಂತಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಹೌದು ಎಂದರೆ ಮಗುವನ್ನು ಒಂಟಿಯಾಗಿ ಬಿಡಬಾರದು, ಪರೀಕ್ಷೆಯ ಮಾತನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರ ಹತ್ತಿರ ಹೋಗಬೇಕು. 14416 ಎಂಬುದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏನು ಮಾಡಬೇಕೆಂದು ತೋಚದ ಅಪ್ಪ ಅಮ್ಮಂದಿರೂ ಕರೆ ಮಾಡಬಹುದು.

ಆ ಸಂಖ್ಯೆಯನ್ನು ಮಗುವಿಗೆ ಕಳಿಸುವ ಹಬ್ಬದ ಸಂದೇಶದ ಕೊನೆಗೆ ಅಂಟಿಸಬೇಡಿ. ತಾಯಿಗೋ ತಂದೆಗೋ ಫೋನ್ ಮಾಡಿ, ನೀವು ಕಂಡದ್ದೇನು ಎಂದು ಹೇಳಿ, ಸಂಖ್ಯೆಯನ್ನು ಬರೆದುಕೊಳ್ಳುವವರೆಗೂ ಲೈನಿನಲ್ಲೇ ಇರಿ.